ಪ್ರಾಜೆಕ್ಟ್ ಮಾತ್ರ ಇರುವವರ ಮೊದಲ ರೆಸ್ಯೂಮೆ

ಪ್ರಶ್ನೆ: ನಾನು ಇಸಿ ಕೊನೆ ವರ್ಷ. ಕಾಲೇಜ್ ಪ್ರಾಜೆಕ್ಟ್ ಬಿಟ್ರೆ ತೋರಿಸೋಕೆ ಏನೂ ಇಲ್ಲ. ರೆಸ್ಯೂಮೆ ಹೇಗೆ ಬರೀಲಿ?

ಪುಟದ ಅರ್ಧ ಜಾಗವನ್ನು ಪ್ರಾಜೆಕ್ಟ್‌ಗಳಿಗೇ ಕೊಡಿ. ನಮ್ಮ ಎಂಬೆಡೆಡ್ ತಂಡಕ್ಕೆ ಫ್ರೆಷರ್‌ಗಳನ್ನು ಆರಿಸುವಾಗ ನಾನು ಮೊದಲು ಓದುವುದು ಅದನ್ನೇ. ಮೇಲೆ ಹೆಸರು, ಫೋನ್, ಇಮೇಲ್, ಗಿಟ್‌ಹಬ್ ಲಿಂಕ್. ಆಮೇಲೆ ಡಿಗ್ರಿ, ಸಿಜಿಪಿಎ. ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಕಟಾಫ್ ನೋಡುತ್ತವೆ, ಹಾಗಾಗಿ ಹತ್ತನೇ ಕ್ಲಾಸು, ಪಿಯುಸಿ ಅಂಕವೂ ಇರಲಿ. ಅದರ ಕೆಳಗೆ ಪ್ರಾಜೆಕ್ಟ್, ಕೊನೆಗೆ ಸ್ಕಿಲ್ಸ್. ಕರಿಯರ್ ಆಬ್ಜೆಕ್ಟಿವ್, ತಂದೆಯ ಹೆಸರು, ಡಿಕ್ಲರೇಷನ್ ಬೇಡ.

ಪ್ರಾಜೆಕ್ಟ್ ಬರೆಯುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. ರಿಪೋರ್ಟಿನ ಅಬ್‌ಸ್ಟ್ರಾಕ್ಟ್‌ನ್ನು ಹಾಗೇ ತಂದು ಅಂಟಿಸುತ್ತಾರೆ: 'ಐಒಟಿ ಬಳಸಿ ಸ್ಮಾರ್ಟ್ ನೀರಾವರಿ. ಇದು ನೀರು ಉಳಿಸಿ ರೈತರಿಗೆ ನೆರವಾಗುತ್ತದೆ.' ಇದನ್ನು ಓದಿದರೆ ನೀವು ಮಾಡಿದ್ದೇನು ಅಂತ ಗೊತ್ತೇ ಆಗುವುದಿಲ್ಲ. ನಾಲ್ಕು ಜನರ ತಂಡದಲ್ಲಿ ಕೋಡ್ ಬರೆದವರು ನೀವಾದರೆ ಹೀಗೆ ಬರೆಯಬಹುದು (ರೆಸ್ಯೂಮೆ ಇಂಗ್ಲಿಷಿನಲ್ಲೇ ಇರುತ್ತದೆ, ವಿಷಯ ಮಾತ್ರ ಇಲ್ಲಿ ಹೇಳುತ್ತಿದ್ದೇನೆ):

'ನಾಲ್ವರ ತಂಡ, ನನ್ನ ಕೆಲಸ ಫರ್ಮ್‌ವೇರ್. ESP8266ನಲ್ಲಿ ಅನಲಾಗ್ ಪಿನ್ ಒಂದೇ ಇರುವುದರಿಂದ CD4051 ಮಲ್ಟಿಪ್ಲೆಕ್ಸರ್ ಮೂಲಕ ಮೂರು ತೇವಾಂಶ ಸೆನ್ಸರ್ ಓದಿಸಿದೆ. ಒಂದೇ ಮಿತಿ ಇಟ್ಟಾಗ ರಿಲೇ ಪದೇ ಪದೇ ಆನ್-ಆಫ್ ಆಗುತ್ತಿತ್ತು. 30%ಕ್ಕಿಂತ ಕೆಳಗೆ ಪಂಪ್ ಆನ್, 45% ದಾಟಿದರೆ ಆಫ್ ಅಂತ ಎರಡು ಮಿತಿ ಇಟ್ಟು ಅದನ್ನು ನಿಲ್ಲಿಸಿದೆ.'

ಇಲ್ಲಿ ನಿಮ್ಮ ಪಾಲು ಯಾವುದು, ಏನು ತೊಡಕಾಯ್ತು, ಹೇಗೆ ಬಿಡಿಸಿದಿರಿ, ಮೂರೂ ಇವೆ. ನಾನು ಸಂದರ್ಶನದಲ್ಲಿ ಇಂಥ ಸಾಲನ್ನೇ ಹಿಡಿದು ಕೇಳುತ್ತೇನೆ: 45ರ ಬದಲು 32 ಇಟ್ಟಿದ್ದರೆ ಏನಾಗುತ್ತಿತ್ತು? ಮಿತಿಗಳು ಅಷ್ಟು ಹತ್ತಿರ ಬಂದರೆ ಸೆನ್ಸರ್ ಓದು ಸ್ವಲ್ಪ ಅಲುಗಾಡಿದರೂ ಪಂಪ್ ಮತ್ತೆ ಕುಣಿಯುತ್ತದೆ. ನಿಜವಾಗಿ ಮಾಡಿದವರು ಇದನ್ನು ಥಟ್ಟನೆ ಹೇಳುತ್ತಾರೆ. ಅದಕ್ಕೇ ಗೆಳೆಯ ಮಾಡಿದ ಆ್ಯಪನ್ನು ನಿಮ್ಮದೆಂದು ಬರೆಯಬೇಡಿ, ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಬರೆಯಲು ಅಂಕಿಗಳೇ ಇಲ್ಲವಾ? ಕಿಟ್ ಇನ್ನೂ ಕೈಯಲ್ಲಿದ್ದರೆ ಈಗಲೇ ಅಳೆಯಿರಿ. ಒಂದು ಗಂಟೆಯಲ್ಲಿ ರಿಲೇ ಎಷ್ಟು ಸಲ ಬದಲಾಯಿತು ಅನ್ನುವುದನ್ನು ಹಳೇ ಕೋಡ್‌ನಲ್ಲೂ ಹೊಸದರಲ್ಲೂ ಎಣಿಸಿದರೆ ಸಾಕು. ಕೋಡ್ ಗಿಟ್‌ಹಬ್‌ಗೆ ಹಾಕುವ ಮುಂಚೆ ಅದರೊಳಗೆ ಬರೆದಿಟ್ಟ ವೈಫೈ ಪಾಸ್‌ವರ್ಡ್ ತೆಗೆಯಿರಿ. README ಫೈಲಿನಲ್ಲಿ ಸರ್ಕ್ಯೂಟಿನ ಫೋಟೊ ಇರಲಿ.

ಸ್ಕಿಲ್ಸ್‌ನಲ್ಲಿ ಈ ಪ್ರಾಜೆಕ್ಟ್‌ಗಳಲ್ಲಿ ಬಳಸಿದ್ದನ್ನು ಮಾತ್ರ ಬರೆಯಿರಿ. ಒಂದು ಲ್ಯಾಬ್‌ನಲ್ಲಿ ಮಾತ್ರ ಮುಟ್ಟಿದ ವೆರಿಲಾಗ್ ಸುಮ್ನೆ ಯಾಕೆ?

ಎರಡು ಕಾಲಂ, ಟೇಬಲ್ ಇರುವ ಟೆಂಪ್ಲೇಟ್ ಬೇಡ. ಅರ್ಜಿ ಸೋಸುವ ಸಾಫ್ಟ್‌ವೇರ್ ಅದನ್ನು ಕಲಸಿ ಓದುವುದುಂಟು. ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಸಾಲುಗಳು ಹಿಂದೆಮುಂದೆ ಆಗಿದ್ದರೆ ಟೆಂಪ್ಲೇಟ್ ಬದಲಿಸಿ.