ಹಣತೆ, ಸೀರಿಯಲ್ ಲೈಟ್ ಬೆಳಗಿದ ಮನೆಯ ಫೋಟೊ: ಗೋಡೆಯ ವಿವರ ಉಳಿಸಿಕೊಳ್ಳುವುದು ಹೇಗೆ?

"ದೀಪಾವಳಿಗೆ ಮನೆಯ ಮುಂದೆ ಹಣತೆ ಹಚ್ಚಿ, ಸೂರಿಗೆ ಸೀರಿಯಲ್ ಲೈಟ್ ಹಾಕಿದ್ದೆವು. ಕಣ್ಣಿಗೆ ಅಷ್ಟು ಚೆನ್ನಾಗಿ ಕಂಡದ್ದು ಫೋಟೊದಲ್ಲಿ ಬಿಳಿ ಮುದ್ದೆಗಳಾಗಿದೆ. ಕಂಬದ ಕೆತ್ತನೆ, ಗೋಡೆಯ ಗಾರೆ ಏನೂ ಉಳಿದಿಲ್ಲ. ಎಕ್ಸ್‌ಪೋಷರ್ ಕಡಿಮೆ ಮಾಡಿದರೆ ಮನೆಯೇ ಕತ್ತಲು. ಸಾಧಾರಣ ಕ್ಯಾಮೆರಾ ಮತ್ತು ಟ್ರೈಪಾಡ್ ಇವೆ. ಎಲ್ಲಿ ತಪ್ಪುತ್ತಿದ್ದೇನೆ?"

ನಿಮ್ಮ ಕ್ಯಾಮೆರಾದಲ್ಲಿ ದೋಷವೇನೂ ಇಲ್ಲ. ಹಣತೆಯ ಕುಡಿಗೂ ಅದರ ಬೆಳಕು ಬಿದ್ದ ಗೋಡೆಗೂ ಹೊಳಪಿನಲ್ಲಿರುವ ಅಂತರ ನಮ್ಮ ಊಹೆಗಿಂತ ಬಹಳ ದೊಡ್ಡದು. ಒಂದು ಅಡಿ ಆಚೆಗಿರುವ ಗೋಡೆಗಿಂತ ಜ್ವಾಲೆ ಸಾವಿರಾರು ಪಟ್ಟು ಹೊಳೆಯುತ್ತದೆ. ಫೋಟೊದ ಲೆಕ್ಕದಲ್ಲಿ ಸುಮಾರು ಹನ್ನೆರಡು ಸ್ಟಾಪ್; ಒಂದೊಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾದಂತೆ. ಗೋಡೆ ಸರಿಯಾಗಿ ಕಾಣಲು ಎರಡು ಸೆಕೆಂಡಿನ ಎಕ್ಸ್‌ಪೋಷರ್ ಬೇಕಾದ ಕಡೆ, ಜ್ವಾಲೆಯ ಒಡಲಿನ ಬಣ್ಣ ಸಿಗಲು ಸೆಕೆಂಡಿನ ಎರಡು ಸಾವಿರನೆಯ ಒಂದು ಭಾಗ ಸಾಕು. ಇವೆರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಹೊರಟರೆ ಎರಡೂ ಕೈತಪ್ಪುತ್ತವೆ.

ಆದ್ದರಿಂದ ನಾನು ಮೊದಲೇ ಒಂದು ತೀರ್ಮಾನ ಮಾಡಿಕೊಳ್ಳುತ್ತೇನೆ: ಕುಡಿಯ ನಡುಭಾಗ ಬೆಳ್ಳಗಾದರೆ ಆಗಲಿ. ಇಡೀ ಮನೆಯ ಚಿತ್ರದಲ್ಲಿ ಅದು ಅಕ್ಕಿಕಾಳಿಗಿಂತ ಚಿಕ್ಕ ಚುಕ್ಕೆ. ನೋಡುವವರಿಗೆ ಅದು ಬೆಂಕಿಯಾಗಿಯೇ ಕಾಣುತ್ತದೆ. ಉಳಿಸಿಕೊಳ್ಳಬೇಕಾದದ್ದು ಅದರ ಸುತ್ತಲಿನ ಒಂದು ಗೇಣು ಗೋಡೆಯನ್ನು. ಆ ಗೇಣಿನಲ್ಲಿ ಗಾರೆಯ ಒರಟು, ಸುಣ್ಣದ ಬಿರುಕು, ಕೆತ್ತನೆಯ ನೆರಳು ಕಾಣುತ್ತಿದ್ದರೆ ಚಿತ್ರ ಗೆದ್ದಂತೆ. ಅದೂ ಹಳದಿ ಮುದ್ದೆಯಾದರೆ ಎಡಿಟಿಂಗ್‌ನಲ್ಲಿ ಎಷ್ಟು ಎಳೆದರೂ ಮರಳಿ ಬರುವುದಿಲ್ಲ.

ಆ ಒಂದು ಗೇಣನ್ನು ಉಳಿಸುವ ಕೆಲಸ ದೀಪ ಇಡುವಾಗಲೇ ಶುರುವಾಗುತ್ತದೆ. ಹಣತೆಯನ್ನು ಗೋಡೆಗೆ ಅಂಟಿಸಿದಂತೆ ಇಟ್ಟರೆ ಅದರ ಹಿಂದೆ ಉರಿಯುವ ಒಂದು ಚುಕ್ಕೆ ಮೂಡುತ್ತದೆ, ಒಂದು ಮೊಳ ಮೇಲೆ ಏನೂ ಕಾಣುವುದಿಲ್ಲ. ಗೋಡೆಯಿಂದ ಹತ್ತು ಸೆಂಟಿಮೀಟರ್ ದೂರವಿದ್ದ ಹಣತೆಯನ್ನು ಇಪ್ಪತ್ತು ಸೆಂಟಿಮೀಟರ್‌ಗೆ ಸರಿಸಿದರೆ, ತೀರ ಹತ್ತಿರದ ಬಿಂದುವಿಗೆ ಬೀಳುವ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ; ಮೇಲ್ಭಾಗಕ್ಕೆ ತಲುಪುವ ಬೆಳಕು ಮಾತ್ರ ಅಷ್ಟೇನೂ ಕಡಿಮೆಯಾಗುವುದಿಲ್ಲ. ಅಂದರೆ ಬೆಳಕು ಹರಡಿ ಸಮವಾಗುತ್ತದೆ. ಹಾಗೆಂದು ಮೂರು ಅಡಿ ದೂರ ಒಯ್ಯಬೇಡಿ. ಕೆತ್ತನೆಯ ಉಬ್ಬು ತಗ್ಗು ಕಾಣುವುದು ಬೆಳಕು ಕೆಳಗಿನಿಂದ ಗೋಡೆಯನ್ನು ಸವರಿಕೊಂಡು ಹೋದಾಗ. ದೂರದಿಂದ ನೇರವಾಗಿ ಬಿದ್ದರೆ ಅದೇ ಕೆತ್ತನೆ ಚಪ್ಪಟೆಯಾಗುತ್ತದೆ. ನನ್ನ ಅನುಭವದಲ್ಲಿ ಒಂದು ಗೇಣಿನಷ್ಟು ದೂರ, ಕಂಬದ ನೇರ ಮುಂದೆ ಇಡದೆ ಸ್ವಲ್ಪ ಪಕ್ಕಕ್ಕೆ ಇಟ್ಟಾಗ ಚೆನ್ನಾಗಿ ಬರುತ್ತದೆ.

ಸೀರಿಯಲ್ ಲೈಟಿನ ಬಲ್ಬುಗಳು ಕ್ಯಾಮೆರಾದ ಕಡೆ ಮುಖ ಮಾಡಿದ್ದರೆ ಪ್ರತಿಯೊಂದೂ ಬಿಳಿ ಚುಕ್ಕೆಯಾಗುವುದು ಖಂಡಿತ. ಸರವನ್ನು ಸೂರಿನ ಅಂಚಿನ ಹಿಂದೆ, ಗೋಡೆಯತ್ತ ತಿರುಗಿಸಿ ಕಟ್ಟಿ. ಆಗ ನೀವು ಚಿತ್ರ ತೆಗೆಯುವುದು ಗೋಡೆಯ ಮೇಲೆ ಬಿದ್ದ ಬೆಳಕನ್ನು, ಬಲ್ಬನ್ನಲ್ಲ. ಎಲ್ಲವನ್ನೂ ಮರೆಮಾಡಿದರೆ ಹಬ್ಬದ ಕಳೆ ಹೋಗುತ್ತದೆ ಎನಿಸಿದರೆ ಒಂದು ಸರ ಮಾತ್ರ ಮುಂದೆ ಇಳಿಬಿಡಿ. ಹಣತೆಯ ಕುಡಿ ತಾಗುವಷ್ಟು ಹತ್ತಿರ ವೈರು ಬಾರದಿರಲಿ. ಬಾಗಿಲ ಮೇಲಿನ ಟ್ಯೂಬ್‌ಲೈಟನ್ನು ಆರಿಸಿಬಿಡಿ. ಅದೊಂದು ಉರಿಯುತ್ತಿದ್ದರೂ ಹಣತೆಗಳ ಬೆಳಕು ಲೆಕ್ಕಕ್ಕೇ ಬರುವುದಿಲ್ಲ.

ಎರಡನೆಯದು ಹೊತ್ತು. ಬಹಳ ಮಂದಿ ಪೂರ್ತಿ ಕತ್ತಲಾಗಲಿ ಎಂದು ಕಾಯುತ್ತಾರೆ, ಅಲ್ಲಿಗೆ ಅರ್ಧ ಆಟ ಮುಗಿದಿರುತ್ತದೆ. ಆಕಾಶ ಕಪ್ಪಾದ ಮೇಲೆ ಸೂರಿನ ಗೆರೆಯೂ ಚಾವಣಿಯ ಆಕಾರವೂ ಅದರಲ್ಲಿ ಕರಗಿಹೋಗುತ್ತವೆ. ಬೆಳಕು ತಲುಪದ ಗೋಡೆಗೆ ಆಸರೆಯೇ ಇರುವುದಿಲ್ಲ. ಸೂರ್ಯ ಮುಳುಗಿ ಇಪ್ಪತ್ತರಿಂದ ಮೂವತ್ತು ನಿಮಿಷದ ನಡುವೆ, ಆಕಾಶದ ಹೊಳಪೂ ಹಣತೆ ಬೆಳಗಿದ ಗೋಡೆಯ ಹೊಳಪೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುವ ಒಂದು ಗಳಿಗೆ ಇರುತ್ತದೆ. ಅದು ಬೇಗ ಜಾರುತ್ತದೆ. ಆ ಹೊತ್ತಿನಲ್ಲಿ ಸುಮಾರು ಮೂರು ನಿಮಿಷಕ್ಕೊಮ್ಮೆ ಆಕಾಶದ ಬೆಳಕು ಅರ್ಧಕ್ಕೆ ಇಳಿಯುತ್ತಿರುತ್ತದೆ. ಹಣತೆ ಹಚ್ಚಿ, ಟ್ರೈಪಾಡ್ ಹೂಡಿ, ಫೋಕಸ್ ಸರಿಮಾಡಿಕೊಂಡು ಅದಕ್ಕೂ ಮೊದಲೇ ಸಿದ್ಧರಾಗಿರಬೇಕು.

ಹೋದ ವರ್ಷ ತೆಗೆದ ಒಂದು ಚಿತ್ರದ ಲೆಕ್ಕವನ್ನು ಹಾಗೆಯೇ ಒಪ್ಪಿಸುತ್ತೇನೆ. ಎರಡು ಅಂತಸ್ತಿನ ಮನೆ, ಮೆಟ್ಟಿಲು ಮತ್ತು ಕಟ್ಟೆಯ ಮೇಲೆ ಇಪ್ಪತ್ತನಾಲ್ಕು ಹಣತೆ, ಸೂರಿನುದ್ದಕ್ಕೂ ಬೆಚ್ಚನೆಯ ಬಿಳುಪಿನ ಎಲ್‌ಇಡಿ ಸರ, ಬಾಗಿಲ ಪಕ್ಕದ ಮರದ ಕಂಬಗಳ ಮೇಲೆ ಬಳ್ಳಿಯ ಕೆತ್ತನೆ. ಐಎಸ್‌ಒ 200, ಅಪರ್ಚರ್ f/5.6, ಫೈಲ್ RAW. ಮೊದಲ ಪ್ರಯತ್ನ ಎಲ್ಲ ದೀಪಗಳೂ ಉರಿಯುತ್ತಿರುವಾಗ, ಎರಡು ಸೆಕೆಂಡ್. ಕಂಬದ ಬಳ್ಳಿ ಎಲೆಎಲೆಯಾಗಿ ಬಂದಿತ್ತು, ಆದರೆ ಸೂರಿನ ಕೆಳಗಿನ ಗೋಡೆ ಕಾಗದದಂತೆ ಬೆಳ್ಳಗೆ. ಅರ್ಧ ಸೆಕೆಂಡಿಗೆ ಇಳಿಸಿದೆ. ಮೇಲಿನ ಗೋಡೆ ಸುಧಾರಿಸಿತು, ಕಂಬ ಮುಳುಗಿತು. ಎಲ್‌ಇಡಿ ಸರ ಹಣತೆಗಳಿಗಿಂತ ಮೂರು ಸ್ಟಾಪ್‌ನಷ್ಟು ಮುಂದಿತ್ತು.

ಆಗ ಸೀರಿಯಲ್ ಲೈಟಿನ ಸ್ವಿಚ್ಚನ್ನು ಆರಿಸಿಸಿದೆ. ಹಣತೆ ಮಾತ್ರ ಇರುವಾಗ ಎರಡು ಸೆಕೆಂಡಿನ ಒಂದು ಚಿತ್ರ. ಕೆತ್ತನೆ, ಮೆಟ್ಟಿಲು, ನೀಲಿ ಆಕಾಶ ಮೂರೂ ಇದರಲ್ಲಿ ಸಿಕ್ಕವು. ಟ್ರೈಪಾಡ್ ಕದಲಿಸದೆ, ಸರ ಹೊತ್ತಿಸಿ, ಕಾಲು ಸೆಕೆಂಡಿನ ಇನ್ನೊಂದು ಚಿತ್ರ. ಇದರಲ್ಲಿ ಸೂರಿನಡಿಯ ಗಾರೆ ಸ್ಪಷ್ಟವಾಗಿ ಬಂತು, ಉಳಿದದ್ದೆಲ್ಲ ಬಹುತೇಕ ಕತ್ತಲು. ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪದರವಾಗಿ ಇಟ್ಟು ಮೇಲಿನ ಪದರದ ಮೋಡ್ ಅನ್ನು Lighten ಮಾಡಿದೆ (ಜಿಂಪ್‌ನಲ್ಲಿ ಇದರ ಹೆಸರು Lighten only). ಅದು ಪ್ರತಿ ಬಿಂದುವಿನಲ್ಲೂ ಎರಡರಲ್ಲಿ ಹೆಚ್ಚು ಬೆಳಕಿರುವುದನ್ನು ಆರಿಸಿಕೊಳ್ಳುತ್ತದೆ; ಎರಡನ್ನೂ ಕೂಡಿಸುವುದಿಲ್ಲವಾದ್ದರಿಂದ ಹೊಸದಾಗಿ ಯಾವ ಜಾಗವೂ ಬೆಳ್ಳಗಾಗುವುದಿಲ್ಲ. ಎರಡನೆಯ ಚಿತ್ರದಲ್ಲೂ ಹಣತೆಗಳು ಉರಿಯುತ್ತಿದ್ದವು, ಆದರೆ ಕಾಲು ಸೆಕೆಂಡಿನಲ್ಲಿ ಅವುಗಳ ಬೆಳಕು ಮಂಕಾಗಿದ್ದುದರಿಂದ ತೊಂದರೆ ಕೊಡಲಿಲ್ಲ.

ಬೇರೆ ಬೇರೆ ಎಕ್ಸ್‌ಪೋಷರ್‌ನ ಚಿತ್ರಗಳನ್ನು ತಾನಾಗಿಯೇ ಬೆರೆಸಿಕೊಡುವ ಎಚ್‌ಡಿಆರ್ ಸೌಲಭ್ಯ ಇದೆಯಲ್ಲ ಎಂದು ನೀವು ಕೇಳಬಹುದು. ನಾನೂ ಅದನ್ನು ಪ್ರಯತ್ನಿಸಿದೆ. ಎಣ್ಣೆದೀಪದ ಕುಡಿ ಒಂದು ಕ್ಷಣವೂ ಸುಮ್ಮನಿರುವುದಿಲ್ಲ, ಹಾಗಾಗಿ ಮೂರು ಚಿತ್ರ ಬೆರೆಸಿದಾಗ ಕೆಲವು ಹಣತೆಗಳಿಗೆ ಎರಡೆರಡು ಕುಡಿ ಬಂದವು, ಅವುಗಳ ಸುತ್ತ ಬೂದು ಬಣ್ಣದ ಕೊಳೆ ಕಟ್ಟಿತು. ಜೊತೆಗೆ ನೆರಳುಗಳನ್ನೆಲ್ಲ ಮೇಲೆತ್ತಿ ರಾತ್ರಿಯನ್ನು ಮೋಡ ಕವಿದ ಮಧ್ಯಾಹ್ನದಂತೆ ಮಾಡಿತು. ನನಗೆ ಅದು ಹಿಡಿಸಲಿಲ್ಲ. ಹಣತೆ ಹಚ್ಚಿದ ಮನೆಯಲ್ಲಿ ಕತ್ತಲಿಗೂ ಜಾಗವಿರಬೇಕು.

ಇನ್ನು ಹಿಸ್ಟೋಗ್ರಾಂ, ಅಂದರೆ ಚಿತ್ರದಲ್ಲಿ ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆಯ ವಿಷಯ. ಇಲ್ಲಿ ನಾನು ಎರಡು ವರ್ಷ ಮೋಸಹೋಗಿದ್ದೇನೆ. ಕ್ಯಾಮೆರಾ ತೋರಿಸುವ ಒಂದೇ ಗೆರೆಯ ಬಿಳಿ ಹಿಸ್ಟೋಗ್ರಾಂ ಮೂರೂ ಬಣ್ಣಗಳನ್ನು ಬೆರೆಸಿದ್ದು, ಅದರಲ್ಲಿ ಹಸಿರಿನ ಪಾಲೇ ಹೆಚ್ಚು. ಹಣತೆಯ ಬೆಳಕಿನಲ್ಲಿ ಕೆಂಪು ಅಪಾರ, ನೀಲಿ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಬಿಳಿ ಹಿಸ್ಟೋಗ್ರಾಂ ಬಲಗೋಡೆಗೆ ತಾಗದೆ ಕ್ಷೇಮವಾಗಿ ಕಾಣುತ್ತಿರುವಾಗಲೇ ಕೆಂಪು ತುಂಬಿ ಹರಿದಿರುತ್ತದೆ. ಗುರುತು ಸುಲಭ: ಪರದೆಯ ಮೇಲೆ ಹಣತೆಯ ಹಿಂದಿನ ಗೋಡೆಯನ್ನು ಪೂರ್ತಿ ಹಿಗ್ಗಿಸಿ ನೋಡಿ. ಕಿತ್ತಳೆ ಬಣ್ಣ ಕ್ರಮವಾಗಿ ತೆಳುವಾಗುತ್ತಾ ಹೋಗದೆ, ಬಣ್ಣದ ಕಾಗದ ಅಂಟಿಸಿದಂತೆ ಒಂದೇ ಸಮನಾದ ತೇಪೆ ಕಂಡರೆ, ಅದರಲ್ಲಿ ಗಾರೆಯ ಕಾಳು ಕಾಣದಿದ್ದರೆ, ಕೆಂಪು ಹೋಗಿದೆ ಎಂದೇ ಅರ್ಥ. ಮೆನುವಿನಲ್ಲಿ RGB ಹಿಸ್ಟೋಗ್ರಾಂ ಆರಿಸಿಕೊಳ್ಳಿ, ಕೆಂಪು ಗೆರೆಯ ರಾಶಿ ಬಲತುದಿಗೆ ಒತ್ತದಂತೆ ಎಕ್ಸ್‌ಪೋಷರ್ ಇಳಿಸಿ. ಕುಡಿಗಳಿಂದಾಗಿ ತುದಿಯಲ್ಲಿ ಒಂದು ಸಣ್ಣ ಕಡ್ಡಿ ನಿಂತೇ ಇರುತ್ತದೆ, ಅದಕ್ಕೆ ಹೆದರಬೇಡಿ.

ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಡದೆ 3200 ಕೆಲ್ವಿನ್ ಆಸುಪಾಸಿನಲ್ಲಿ ನಿಲ್ಲಿಸುತ್ತೇನೆ. ಎಣ್ಣೆದೀಪದ ಬೆಳಕು 2000 ಕೆಲ್ವಿನ್‌ಗೆ ಹತ್ತಿರ, ಬೆಚ್ಚನೆಯ ಎಲ್‌ಇಡಿ 2700 ರಿಂದ 3000. ಈ ಮಟ್ಟದಲ್ಲಿ ಹಣತೆ ಹೊಂಬಣ್ಣದಲ್ಲೇ ಉಳಿಯುತ್ತದೆ, ಎಲ್‌ಇಡಿ ಹೆಚ್ಚು ಹಳದಿಯಾಗುವುದಿಲ್ಲ, ಆಕಾಶ ಗಾಢ ನೀಲಿಯಾಗುತ್ತದೆ. ಬಣ್ಣಬಣ್ಣದ ಸರ ಹಾಕಿದ್ದರೆ ನೀಲಿ ಬಲ್ಬಿನ ಸುತ್ತಲೂ ಇದೇ ತೇಪೆಯ ಸಮಸ್ಯೆ ನೀಲಿ ಬಣ್ಣದಲ್ಲಿ ಬರುತ್ತದೆ; ಒಂದೇ ಬಣ್ಣದ ಸರ ಎಷ್ಟೋ ವಾಸಿ. ಮಿಣುಕುವ ಸರವಾದರೆ ಅದರ ಡಬ್ಬಿಯ ಗುಂಡಿ ಒತ್ತಿ ಸ್ಥಿರವಾಗಿ ಉರಿಯುವಂತೆ ಮಾಡಿಕೊಳ್ಳಿ, ಇಲ್ಲದಿದ್ದರೆ ಕಾಲು ಸೆಕೆಂಡಿನಲ್ಲಿ ಅರ್ಧ ಬಲ್ಬುಗಳು ಆರಿರುವ ಕ್ಷಣವೇ ಸಿಗಬಹುದು.

ಲೆನ್ಸಿನ ಮುಂದೆ ಯುವಿ ಫಿಲ್ಟರ್ ಇದ್ದರೆ ತೆಗೆದಿಡಿ. ಕತ್ತಲ ಆಕಾಶದಲ್ಲಿ ಮಂಕಾದ ಹಸಿರು ಚುಕ್ಕೆಗಳ ಸಾಲೊಂದು ಕಂಡರೆ, ಅದು ನಿಮ್ಮ ದೀಪಗಳ ಸಾಲೇ ತಲೆಕೆಳಗಾಗಿ ಚಿತ್ರದ ನಡುಬಿಂದುವಿನ ಆಚೆ ಬದಿಗೆ ಬಿದ್ದಿರುವುದು. ಫಿಲ್ಟರಿನ ಗಾಜಿನಲ್ಲಿ ಪ್ರತಿಫಲಿಸಿ ಹಾಗಾಗುತ್ತದೆ.

ಮೊಬೈಲಿನಲ್ಲಿ ತೆಗೆಯುವುದಾದರೂ ಹೊತ್ತು ಮತ್ತು ದೀಪದ ಜೋಡಣೆಯ ಮಾತು ಬದಲಾಗುವುದಿಲ್ಲ. ನೈಟ್ ಮೋಡ್ ಮನೆಯನ್ನು ಬೇಕಾದುದಕ್ಕಿಂತ ಬೆಳ್ಳಗೆ ಮಾಡುತ್ತದೆ, ಆದ್ದರಿಂದ ಹಣತೆಯ ಪಕ್ಕದ ಗೋಡೆಯ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಮಾಡಿ, ಗಾರೆಯ ಒರಟು ಪರದೆಯಲ್ಲಿ ಕಾಣುವವರೆಗೂ ಬೆಳಕಿನ ಗೀಟನ್ನು ಕೆಳಗೆಳೆಯಿರಿ. ಒರಗಿಸಲು ಏನಾದರೂ ಆಸರೆ ಇರಲಿ. ಇನ್ನೊಂದು, ಹಣತೆಗೆ ಎಣ್ಣೆ ಹೊಯ್ದ ಬೆರಳಿನಲ್ಲೇ ಮೊಬೈಲ್ ಹಿಡಿದಿರುತ್ತೇವೆ. ಲೆನ್ಸಿನ ಮೇಲೆ ಎಣ್ಣೆಯ ಒಂದು ತೆಳು ಪದರ ಬಿದ್ದರೆ ಸಾಕು, ಪ್ರತಿ ದೀಪದಿಂದಲೂ ಉದ್ದನೆಯ ಬೆಳಕಿನ ಗೀರು ಎದ್ದು ಇಡೀ ಮನೆಯ ಮುಂದೆ ಮಂಜು ಕವಿದಂತೆ ಕಾಣುತ್ತದೆ. ಒಣ ಹತ್ತಿಬಟ್ಟೆಯಿಂದ ಲೆನ್ಸ್ ಒರೆಸಿಕೊಂಡು ಆಮೇಲೆ ತೆಗೆಯಿರಿ.