ಬೀಮಿನ ಕೆಳಗಿನ ಬೆರಳಗಲದ ಸಂದು

ಪ್ರಶ್ನೆ: ಹಾಸನದಲ್ಲಿ ಎರಡನೇ ಮಹಡಿಯ ಫ್ಲ್ಯಾಟ್. ನಮ್ಮ ಬೆಡ್‌ರೂಮಿನ ಗೋಡೆಯಾಚೆ ಪಕ್ಕದವರ ಹಾಲ್. ರಾತ್ರಿ ಅವರು ಆಡುವ ಮಾತು ಒಂದೊಂದೂ ಕೇಳಿಸುತ್ತದೆ. ದುಡ್ಡು ಸುರಿದು ಗೋಡೆಗೆಲ್ಲ ಫೋಮ್ ಅಂಟಿಸಿದೆವು, ಏನೂ ಕಡಿಮೆಯಾಗಲಿಲ್ಲ. ಇನ್ನೂ ದಪ್ಪನೆಯ ಫೋಮ್ ಹಾಕಿಸಬೇಕೇ?

ಬೇಡ. ಅಂಟಿಸಿದ್ದನ್ನೂ ಕಿತ್ತು ಹಾಕಿ, ಬೆಂಕಿ ತಗುಲಿದರೆ ಅಪಾಯ. ಇದೇ ಪ್ರಶ್ನೆ ನನಗೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ, ಅದೂ ದುಡ್ಡು ಕಳೆದುಕೊಂಡ ಮೇಲೆಯೇ ಬರುತ್ತದೆ. ಫೋಮ್ ಮಾರುವವರು ಇದನ್ನು 'ಸೌಂಡ್‌ಪ್ರೂಫ್' ಎಂದು ಹೇಳಿ ಮಾರುವುದು ಶುದ್ಧ ಮೋಸ. ಒಂದು ತುಂಡು ಫೋಮನ್ನು ಬಾಯಿಗೆ ಒತ್ತಿ ಹಿಡಿದು ಊದಿ ನೋಡಿ. ಉಸಿರು ಆಚೆ ಹೋಗುತ್ತದೆ. ಉಸಿರು ದಾಟುವ ಕಡೆ ಮಾತೂ ದಾಟುತ್ತದೆ. ಫೋಮ್ ಮಾಡುವುದು ಇಷ್ಟೇ: ನಿಮ್ಮ ಕೋಣೆಯೊಳಗಿನ ಪ್ರತಿಧ್ವನಿಯನ್ನು ಕಡಿಮೆ ಮಾಡುತ್ತದೆ. ಪಕ್ಕದ ಮನೆಯ ಸದ್ದನ್ನು ತಡೆಯಲು ಬೇಕಾದದ್ದು ಎರಡು, ತೂಕ ಮತ್ತು ಎಲ್ಲೂ ಸಂದಿಲ್ಲದ ಮುಚ್ಚಿಗೆ. ಫೋಮಿನಲ್ಲಿ ಎರಡೂ ಇಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು 'ಒಂದೊಂದೂ ಕೇಳಿಸುತ್ತದೆ' ಎಂಬ ಮಾತು. ಎರಡೂ ಕಡೆ ಪ್ಲಾಸ್ಟರ್ ಆದ ಆರು ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಸುಮಾರು 45 ಡೆಸಿಬಲ್‌ನಷ್ಟು ಸದ್ದನ್ನು ತಡೆಯುತ್ತದೆ. ಅಂಥ ಗೋಡೆಯಾಚೆ ಸಾಮಾನ್ಯ ದನಿಯಲ್ಲಿ ಮಾತಾಡಿದರೆ ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾದೀತು, ಏನು ಮಾತು ಎಂದು ಗೊತ್ತಾಗಬಾರದು. ಗೋಡೆ ಹಗುರವಾಗಿದ್ದರೆ ಮೊದಲು ಬರುವುದು ಟಿವಿಯ ಧುಂ ಧುಂ, ಗಂಡಸರ ದನಿಯ ಗುನುಗು. ಬದಲಿಗೆ ಸ, ಶ, ತ, ಕ ಎಂಬ ಅಕ್ಷರಗಳು ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತಿದ್ದರೆ ಎಲ್ಲೋ ತೂತಿದೆ ಎಂದೇ ನಾನು ಮೊದಲು ಹುಡುಕುತ್ತೇನೆ. ಈ ಅಕ್ಷರಗಳ ಸಣ್ಣ ಸದ್ದನ್ನು ಗೋಡೆ ಬಹಳ ಚೆನ್ನಾಗಿ ತಡೆಯುತ್ತದೆ, ಸಂದು ಮಾತ್ರ ತಡೆಯುವುದಿಲ್ಲ.

ಹಾಸನದಲ್ಲೇ ಇಂಥದ್ದೇ ಒಂದು ಫ್ಲ್ಯಾಟಿಗೆ ಹೋಗಿದ್ದೆ. ಆ ಮನೆಯಾಕೆ ಗೋಡೆಯ ಮೇಲೆ ಇನ್ನೊಂದು ಗೋಡೆ ಕಟ್ಟಿಸಲು ಸಿದ್ಧವಾಗಿ ಕೂತಿದ್ದರು. ಪಕ್ಕದ ಮನೆಯ ಹುಡುಗನಿಗೆ ಹೇಳಿ ಅವರ ಹಾಲಿನಲ್ಲಿ ಆಕಾಶವಾಣಿಯ ವಾರ್ತೆ ಹಾಕಿಸಿದೆ. ಹಾಡು ಬೇಡ, ಮಾತೇ ಬೇಕು. ಈಚೆ ಬೆಡ್‌ರೂಮಿನ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಗೋಡೆಯುದ್ದಕ್ಕೂ ಕಿವಿ ಹಿಡಿದುಕೊಂಡು ಹೋದೆ. ಸೊಂಟದ ಮಟ್ಟದಲ್ಲಿ ಏನಿಲ್ಲ. ಸ್ವಿಚ್ ಬೋರ್ಡಿನ ಹತ್ತಿರ ಸ್ವಲ್ಪ ಹೆಚ್ಚು. ಸ್ಟೂಲ್ ಹತ್ತಿ ಫಾಲ್ಸ್ ಸೀಲಿಂಗಿನ ಅಂಚಿಗೆ ಕಿವಿ ಕೊಟ್ಟಾಗ ವಾರ್ತೆ ಓದುವವರು ಆ ಕೋಣೆಯಲ್ಲೇ ಇದ್ದಂತೆ ಕೇಳಿಸಿತು.

ಗೋಡೆಯ ಪಕ್ಕದ ಒಂದು ಸೀಲಿಂಗ್ ಲೈಟನ್ನು ಕಳಚಿಸಿ, ಆ ತೂತಿನಲ್ಲಿ ಮೊಬೈಲ್ ತೂರಿಸಿ ವಿಡಿಯೊ ತೆಗೆದೆ. ಫಾಲ್ಸ್ ಸೀಲಿಂಗಿನ ಮೇಲೆ ಗೋಡೆಗೆ ಪ್ಲಾಸ್ಟರೇ ಇರಲಿಲ್ಲ, ಬ್ಲಾಕುಗಳು ಬೆತ್ತಲೆ ನಿಂತಿದ್ದವು. ಕೊನೆಯ ಸಾಲಿಗೂ ಬೀಮಿಗೂ ನಡುವೆ ಬೆರಳು ಹೋಗುವಷ್ಟು ಸಂದು ಗೋಡೆಯ ಉದ್ದಕ್ಕೂ ಹಾಗೇ ಬಿಟ್ಟಿತ್ತು. ಹುಡುಗ ತಮ್ಮ ಕಡೆಯ ಲೈಟನ್ನೂ ಕಳಚಿ ಟಾರ್ಚ್ ಬಿಟ್ಟಾಗ ಈಚೆಯ ವಿಡಿಯೊದಲ್ಲಿ ಬೆಳಕಿನ ಗೆರೆ ಮೂಡಿತು.

ಇದು ಆ ಒಂದು ಕಟ್ಟಡದ ತಪ್ಪಲ್ಲ. ಗೋಡೆ ಕಟ್ಟಿ ಬೀಮಿನ ಹತ್ತಿರ ಬಂದಾಗ ಗಾರೆಯವರು ಮೇಲಿನ ಸಾಲನ್ನು ಸ್ವಲ್ಪ ದಿನ ಬಿಡುತ್ತಾರೆ. ಗೋಡೆ ಕೂತ ಮೇಲೆ ಬಿಗಿಯಾಗಿ ತುಂಬಬೇಕೆಂಬ ಲೆಕ್ಕ, ಅದು ಸರಿಯಾದ ಲೆಕ್ಕವೇ. ಆದರೆ ಅಷ್ಟರಲ್ಲಿ ಸಾರುವೆ ಬಿಚ್ಚಿರುತ್ತಾರೆ. 'ಹೆಂಗೂ ಫಾಲ್ಸ್ ಸೀಲಿಂಗ್ ಬರುತ್ತಲ್ಲ' ಎಂದು ಮೇಸ್ತ್ರಿ ಮುಂದಕ್ಕೆ ಹೋಗುತ್ತಾರೆ. ಕಣ್ಣಿಗೆ ಕಾಣದ ಜಾಗ, ಯಾರೂ ಕೇಳುವುದಿಲ್ಲ.

ಅಷ್ಟು ಸಣ್ಣ ಸಂದು ಇಷ್ಟು ಹಾಳು ಮಾಡುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕೋಣ. ಗೋಡೆ ಹತ್ತಡಿ ಉದ್ದ, ಹತ್ತಡಿ ಎತ್ತರ, ಒಟ್ಟು 100 ಚದರ ಅಡಿ. ಸಂದು ಅರ್ಧ ಇಂಚು ಅಗಲ, ಹತ್ತಡಿ ಉದ್ದ, ಅಂದರೆ ಸುಮಾರು 0.4 ಚದರ ಅಡಿ. ಗೋಡೆಯ 250ರಲ್ಲಿ ಒಂದು ಪಾಲು. 45 ಡೆಸಿಬಲ್ ತಡೆಯುವ ಗೋಡೆ ಎಂದರೆ ತನ್ನ ಮೇಲೆ ಬಿದ್ದ ಶಬ್ದಶಕ್ತಿಯ ಸುಮಾರು 30,000ದಲ್ಲಿ ಒಂದು ಪಾಲನ್ನು ಮಾತ್ರ ಬಿಡುವ ಗೋಡೆ. ಸಂದಿಗೆ ಬಿದ್ದದ್ದೆಲ್ಲ ಆಚೆ ಹೋದರೆ ಅದೊಂದರಿಂದಲೇ 250ರಲ್ಲಿ ಒಂದು ಪಾಲು ದಾಟಿತು. ಆಗ ಇಡೀ ಗೋಡೆಯ ತಡೆ 24 ಡೆಸಿಬಲ್‌ಗೆ ಇಳಿಯುತ್ತದೆ. ಎರಡೂ ಕಡೆ ಫಾಲ್ಸ್ ಸೀಲಿಂಗ್ ಇದ್ದದ್ದರಿಂದ ಅಲ್ಲಿ ಇಷ್ಟು ಕೆಟ್ಟಿರಲಿಲ್ಲ, ಆದರೂ ಮಾತು ಅರ್ಥವಾಗಲು ಬೇಕಾದಷ್ಟು ಕೆಟ್ಟಿತ್ತು. ಈ ಸಂದನ್ನು ಬಿಟ್ಟು ಕೆಳಗಿನ ಗೋಡೆಯನ್ನು ಒಂಬತ್ತು ಇಂಚು ಮಾಡಿದರೂ ಉತ್ತರ 24ರ ಆಸುಪಾಸಿನಲ್ಲೇ ಇರುತ್ತದೆ.

ರಿಪೇರಿ ಹೀಗೆ ಮಾಡಿಸಿದೆವು. ಗೋಡೆಯ ಪಕ್ಕದಲ್ಲಿ ಎರಡಡಿ ಅಗಲಕ್ಕೆ ಫಾಲ್ಸ್ ಸೀಲಿಂಗ್ ಕತ್ತರಿಸಿದರು. ಸಂದಿನ ಧೂಳನ್ನು ಬ್ರಷ್ಷಿನಿಂದ ತೆಗೆದು, ನೀರು ಚಿಮುಕಿಸಿ, ಒಂದಕ್ಕೆ ನಾಲ್ಕರ ಸಿಮೆಂಟ್ ಗಾರೆಯನ್ನು ಗಟ್ಟಿಯಾಗಿ ಕಲಸಿ ಕಟ್ಟಿಗೆಯಿಂದ ಒಳಕ್ಕೆ ತುರುಕಿಸಿದೆವು. ನೀರಾದ ಗಾರೆ ಹಾಕಿದರೆ ಒಣಗುವಾಗ ಕುಗ್ಗಿ ಮೇಲ್ಗಡೆ ಮತ್ತೆ ಸಂದು ಬಿಡುತ್ತದೆ, ಆದ್ದರಿಂದ ನಾನು ಪಕ್ಕದಲ್ಲೇ ನಿಂತು ನೋಡಿದೆ. ಹೊರಮೈಯ ಕೊನೆಯ ಅರ್ಧ ಇಂಚನ್ನು ಗಾರೆಯಿಂದ ಮುಚ್ಚದೆ ಅಕ್ರಿಲಿಕ್ ಸೀಲೆಂಟ್ ತುಂಬಿಸಿದೆವು. ಬೀಮು ಭಾರಕ್ಕೆ ಕೂದಲೆಳೆಯಷ್ಟಾದರೂ ಬಾಗುತ್ತಿರುತ್ತದೆ. ಗಾರೆ ಬಿರಿದೀತು, ಸೀಲೆಂಟ್ ಜೊತೆಗೇ ಹಿಗ್ಗುತ್ತದೆ. ಆಮೇಲೆ ಬೆತ್ತಲೆ ಬ್ಲಾಕುಗಳಿಗೆ ಬೀಮಿನವರೆಗೂ ಪ್ಲಾಸ್ಟರ್. ಬ್ಲಾಕಿನ ಮೈತುಂಬ ಸಣ್ಣ ರಂಧ್ರಗಳಿರುತ್ತವೆ, ಪ್ಲಾಸ್ಟರ್ ಇಲ್ಲದೆ ಅದು ಪೂರ್ತಿ ಗೋಡೆಯಲ್ಲ.

ಸ್ವಿಚ್ ಬೋರ್ಡಿನ ಹತ್ತಿರದ ಸದ್ದಿಗೂ ಕಾರಣ ಸಿಕ್ಕಿತು. ಎರಡೂ ಮನೆಯ ಬೋರ್ಡುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದವು, ಆರು ಇಂಚಿನ ಗೋಡೆಯಲ್ಲಿ ನಡುವೆ ಉಳಿದದ್ದು ಒಡೆದ ಬ್ಲಾಕಿನ ಚೂರುಗಳು ಮಾತ್ರ. ಎಲೆಕ್ಟ್ರಿಷಿಯನ್ ಎರಡೂ ಮನೆಯ ಮೇನ್ ಆಫ್ ಮಾಡಿ ನಮ್ಮ ಕಡೆಯ ಬಾಕ್ಸನ್ನು ಹೊರತೆಗೆದರು, ಹಿಂದೆ ಗಾರೆ ತುಂಬಿ ಮತ್ತೆ ಕೂರಿಸಿದೆವು. ಪಕ್ಕದ ಮನೆಯ ತಂತಿಗೆ ಸಂಬಂಧಪಟ್ಟ ಜಾಗ, ಇದನ್ನು ನೀವೇ ಸ್ಕ್ರೂಡ್ರೈವರ್ ಹಿಡಿದು ಮಾಡಬೇಡಿ.

ಗಾರೆ ಒಣಗಿದ ಮೇಲೆ ಅದೇ ವಾರ್ತೆ, ಅದೇ ವಾಲ್ಯೂಮ್. ಮಾತು ಅರ್ಥವಾಗುವುದು ನಿಂತಿತ್ತು. ಟಿವಿಯಲ್ಲಿ ಸಿನಿಮಾ ಹೊಡೆದಾಟದ ಧುಂ ಧುಂ ಉಳಿದಿತ್ತು, ಅದಕ್ಕೆ ಗೋಡೆಗೆ ತಿರುಪು ಹಾಕಿದ್ದ ಸ್ಪೀಕರನ್ನು ಪಕ್ಕದವರು ಕೆಳಗಿಳಿಸಿ ಸ್ಟ್ಯಾಂಡಿನ ಮೇಲಿಟ್ಟರು. ಆಕೆಗೆ ಅಷ್ಟು ಸಾಕಾಯಿತು. ಹೊಸ ಗೋಡೆ ಕಟ್ಟಿಸಲಿಲ್ಲ.

ಸಂದೆಲ್ಲ ಮುಚ್ಚಿದ ಮೇಲೂ ಸಾಲದಿದ್ದರೆ ಮಾತ್ರ ಒಳಗೊಂದು ಲೈನಿಂಗ್ ಯೋಚಿಸಿ. ಜಿಪ್ಸಮ್ ಬೋರ್ಡಿನ ಕಂಬಿಗಳನ್ನು ನೆಲಕ್ಕೂ ಮೇಲಿನ ಮೋಲ್ಡಿಗೂ ಮಾತ್ರ ಬಿಗಿಯಬೇಕು, ಹಳೆಯ ಗೋಡೆಗೆ ಒಂದೇ ಒಂದು ಸ್ಕ್ರೂ ಕೂಡ ತಾಗಬಾರದು. ಗೋಡೆಯಿಂದ ಒಂದಿಂಚು ಬಿಟ್ಟು ಕಂಬಿ, ಕಂಬಿಗಳ ನಡುವೆ ಎರಡಿಂಚಿನ ರಾಕ್‌ವೂಲ್, ಮೇಲೆ ಎರಡು ಪದರ ಅರ್ಧ ಇಂಚಿನ ಬೋರ್ಡ್, ಒಂದರ ಜೋಡಣೆಯ ಮೇಲೆ ಇನ್ನೊಂದರ ಜೋಡಣೆ ಬರದಂತೆ, ನಾಲ್ಕೂ ಅಂಚಿಗೆ ಸೀಲೆಂಟ್. ಕೋಣೆಯಲ್ಲಿ ನಾಲ್ಕಿಂಚು ಹೋಗುತ್ತದೆ. ಜಾಗ ಉಳಿಸಲು ಥರ್ಮೋಕೋಲ್ ಹಾಳೆಯನ್ನು ಗೋಡೆಗೆ ಅಂಟಿಸಿ ಅದರ ಮೇಲೆ ಬೋರ್ಡ್ ಕೂರಿಸುತ್ತೇವೆ ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿ. ಗಡುಸಾದ ಥರ್ಮೋಕೋಲ್ ಸ್ಪ್ರಿಂಗಿನಂತೆ ವರ್ತಿಸಿ ಬೋರ್ಡನ್ನು ಅದುರಿಸುತ್ತದೆ, ಆ ಅದುರಾಟ ಬೀಳುವುದು ಸರಿಯಾಗಿ ಮನುಷ್ಯರ ಮಾತಿನ ಮಟ್ಟದ ಸದ್ದಿನಲ್ಲೇ. ಹಣ ಕೊಟ್ಟು ಮೊದಲಿಗಿಂತ ಹೆಚ್ಚು ಕೇಳಿಸಿಕೊಂಡವರನ್ನು ನೋಡಿದ್ದೇನೆ.

ಇನ್ನೊಂದು ವಿಷಯ. ಬೀಮಿನ ಕೆಳಗಿನ ಸಂದಿನಿಂದ ಹೊಗೆಯೂ ಬರುತ್ತದೆ. ಪಕ್ಕದ ಮನೆಗೆ ಬೆಂಕಿ ಬಿದ್ದರೆ ನಿಮ್ಮ ಫಾಲ್ಸ್ ಸೀಲಿಂಗಿನ ಮೇಲೆ ಮೊದಲು ತುಂಬುವುದು ಅದೇ. ಆದ್ದರಿಂದ ಸದ್ದು ನಿಮಗೆ ರೂಢಿಯಾಗಿದ್ದರೂ ಆ ಸಂದನ್ನು ಬಿಡಬೇಡಿ.

ಪ್ರಶ್ನೆ: ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದಿಗೆ ನಮ್ಮ ಮನೆಗೆ ಫಾಲ್ಸ್ ಸೀಲಿಂಗ್ ಹಾಕಿಸಿದರೆ ಆಗುತ್ತದೆಯೇ?

ಇಲ್ಲ, ಆ ಸದ್ದು ಗೋಡೆಗಳಲ್ಲೂ ಇಳಿದು ಬರುತ್ತದೆ. ಅವರ ಕುರ್ಚಿಯ ಕಾಲುಗಳಿಗೆ ರಬ್ಬರ್ ಟೊಪ್ಪಿಗೆಗಳನ್ನು ನೀವೇ ಕೊಂಡುಕೊಟ್ಟು ಬನ್ನಿ.

ಪ್ರಶ್ನೆ: ಸೌಂಡ್‌ಪ್ರೂಫ್ ಪೇಂಟ್ ಒಳ್ಳೆಯದೇ, ಮೊಟ್ಟೆಯ ಟ್ರೇ ಒಳ್ಳೆಯದೇ?

ಎರಡೂ ಪ್ರಯೋಜನವಿಲ್ಲ. ಟ್ರೇ ಹೊತ್ತಿ ಉರಿಯುವ ಕಾಗದ, ಮಲಗುವ ಕೋಣೆಯಲ್ಲಿ ಇಡಲೇಬೇಡಿ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಸ್ವಂತ ಮನೆ. ಹಾಲಿನಲ್ಲಿ ನಮ್ಮ ಮಾವನವರು ಟಿವಿ ಜೋರಾಗಿ ಇಡುತ್ತಾರೆ, ಒಳಗೆ ಮಗಳು ಪಿಯುಸಿಗೆ ಓದಬೇಕು. ನಾಲ್ಕು ಇಂಚಿನ ಗೋಡೆ ಒಡೆದು ಒಂಬತ್ತು ಇಂಚು ಕಟ್ಟಬೇಕು ಎನ್ನುತ್ತಾರೆ ಮೇಸ್ತ್ರಿ. ಒಪ್ಪಬಹುದೇ?

ಒಪ್ಪಬೇಡಿ. ಮೇಸ್ತ್ರಿ ಬಾಗಿಲನ್ನು ನೋಡಿಯೇ ಇಲ್ಲ. ರಾತ್ರಿ ಮಗಳ ಕೋಣೆಯ ದೀಪ ಆರಿಸಿ, ಹಾಲಿನ ದೀಪ ಹಾಕಿ, ಒಳಗೆ ನಿಂತು ಬಾಗಿಲು ಮುಚ್ಚಿ. ಎಲ್ಲೆಲ್ಲಿ ಬೆಳಕು ಕಾಣುತ್ತದೋ ಅಲ್ಲೆಲ್ಲ ಟಿವಿ ಬರುತ್ತಿದೆ. ನಿಮ್ಮ ಊರಿನಲ್ಲಿ ಇದು ಹೆಚ್ಚು: ಮಳೆಗಾಲದಲ್ಲಿ ಬಾಗಿಲು ಉಬ್ಬಿ ಬಿಗಿಯಾಯಿತೆಂದು ಬಡಗಿಯಿಂದ ಕೀಸಿಸುತ್ತೀರಿ, ಬೇಸಿಗೆಯಲ್ಲಿ ಅದು ಕುಗ್ಗಿದಾಗ ಸುತ್ತಲೂ ಸಂದು. ಏಳಡಿಗೆ ಮೂರಡಿಯ ಬಾಗಿಲಿನ ಕೆಳಗೆ ಅರ್ಧ ಇಂಚು ಬಿಟ್ಟರೆ, ಬಾಗಿಲು ಎಷ್ಟೇ ಗಟ್ಟಿಯಾಗಿದ್ದರೂ ತಡೆ 22 ಡೆಸಿಬಲ್ ದಾಟುವುದಿಲ್ಲ.

ಚೌಕಟ್ಟಿನ ಮೂರೂ ಕಡೆ ರಬ್ಬರ್ ಪಟ್ಟಿ, ಕೆಳಗೆ ಮುಚ್ಚಿದಾಗ ನೆಲಕ್ಕೆ ಇಳಿಯುವ ಸೀಲ್ ಹಾಕಿಸಿ. ಬಾಗಿಲನ್ನು ಬೆರಳಿನಿಂದ ತಟ್ಟಿದಾಗ ಡಬ್ಬದಂತೆ ಟೊಳ್ಳು ಸದ್ದು ಬಂದರೆ, ಒಳಗೆ ಪೂರ್ತಿ ಮರ ತುಂಬಿದ ಬಾಗಿಲು ಹಾಕಿಸಿ. ಮಾವನವರಿಗೆ ಕಿವಿ ಮಂದವಾಗಿದ್ದರೆ ವೈದ್ಯರಿಗೆ ತೋರಿಸಿ, ತಂತಿಯಿಲ್ಲದ ಹೆಡ್‌ಫೋನ್ ಕೊಡಿಸಿ. ಇಷ್ಟಾದ ಮೇಲೂ ಸಾಲದಿದ್ದರೆ ಗೋಡೆಯ ಮಾತು. ಆದರೆ ಆ ಕೋಣೆಗೆ ಸೇರಿದ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೆ, ಮೊದಲು ಅದನ್ನು ಮನೆಯ ಹೊರಗೋಡೆಗೆ ಸಾಗಿಸಿ. ಚಳಿಗೆ ಕೆಂಡದ ಅಗ್ಗಿಷ್ಟಿಕೆಯನ್ನೂ ಆ ಕೋಣೆಗೆ ತರಬೇಡಿ. ಗೀಸರ್ ಹೊರಗೆ ಹೋಗುವವರೆಗೆ ಬಾಗಿಲಿನ ಒಂದು ಸಂದನ್ನೂ ಮುಚ್ಚಿಸಬೇಡಿ. ಗೀಸರಿನಿಂದಲೂ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಬರಬಹುದು. ಆ ಗಾಳಿಗೆ ವಾಸನೆ ಇರುವುದಿಲ್ಲ, ಮಲಗಿದವರು ಏಳುವುದಿಲ್ಲ.