ಮಗ್ಗ ಹೋದ ದಿನ

*ಸಂಪಾದಕರಿಗೆ ನಮಸ್ಕಾರ. ನಮ್ಮ ಮನೆಯ ಮಗ್ಗ ಮಾರಿದ ದಿನ ಡೈರಿಯಲ್ಲಿ ಬರೆದದ್ದನ್ನು ಕಳಿಸುತ್ತಿದ್ದೇನೆ:*

*"ಇಂದು ನನ್ನ ಬದುಕಿನ ಅತ್ಯಂತ ಕರಾಳ ದಿನ!! ಅಪ್ಪನ ಮಗ್ಗ ಮಾರಾಟವಾಗಿ ಹೋಯಿತು. ನನ್ನ ಹೃದಯ ಸಾವಿರ ಚೂರಾಯಿತು. 38 ವರ್ಷ ಅಪ್ಪ ತಮ್ಮ ರಕ್ತವನ್ನೇ ನೂಲಾಗಿಸಿ ನೇಯ್ದ ಆ ದೇವಾಲಯವನ್ನು ಕಟುಕರು ಬಂದು ಕಣ್ಣೆದುರೇ ಕಡಿದು ಹಾಕಿಬಿಟ್ಟರು! ಓ ವಿಧಿಯೇ, ನಿನಗೆ ಕರುಣೆಯೇ ಇಲ್ಲವೇ? ಅಪ್ಪ ಕಲ್ಲಾಗಿ ನಿಂತಿದ್ದರು. ಅವರ ಕಣ್ಣಲ್ಲಿ ನೋವಿನ ಮಹಾಸಾಗರ. ಬಂದವರಿಗೆ ಚಹಾ ಮಾಡು ಎಂದರು. ನನ್ನ ಕಣ್ಣೀರಿನ ಕೋಡಿ ಒಡೆಯಿತು, ಬಿಕ್ಕಿ ಬಿಕ್ಕಿ ಅತ್ತೆ... ಲಾಳಿಯ ಸದ್ದಿಲ್ಲದ ಮನೆ ಸ್ಮಶಾನದಂತೆ ಭಣಗುಡುತ್ತಿದೆ... ಈ ಗಾಯ ಎಂದೆಂದಿಗೂ ಮಾಯದು!!"*

*ಗೆಳತಿಗೆ ಓದಿ ಹೇಳಿದೆ. ಸೀರಿಯಲ್ ಇದ್ದಂಗ ಐತಿ ಅಂತ ನಕ್ಕಳು. ಆದರೆ ಅವತ್ತು ನನಗೆ ನಿಜವಾಗಿಯೂ ಹಾಗೇ ಆಗಿತ್ತು. ಶಬ್ದ ಕಡಿಮೆ ಮಾಡಿದರೆ ಭಾವನೆಯೂ ಹೋಗುತ್ತದೆ ಅನ್ನಿಸುತ್ತದೆ. ಹೇಗೆ ತಿದ್ದಲಿ?*

*— ಹೆಸರು ಬೇಡ, ಬೆಟಗೇರಿ*

ನಮಸ್ಕಾರ. ಮೊದಲು ಒಂದು ಮಾತು. ಡೈರಿಯ ಪುಟವನ್ನು ಹಾಗೇ ಬಿಡಿ. ಅದರ ಮೇಲೆ ಪೆನ್ನು ಆಡಿಸಬೇಡಿ. ಅವತ್ತು ರಾತ್ರಿ ನಿಮಗೆ ಅದು ಬೇಕಾಗಿತ್ತು, ಬರೆದಿರಿ. ತಿದ್ದುವುದೆಲ್ಲ ಬೇರೆ ಹಾಳೆಯಲ್ಲಿ ಆಗಲಿ.

ನಿಮ್ಮ ಪತ್ರ ಬಂದಾಗ ನಾನು ಒಂದು ಪೆನ್ಸಿಲ್ ತೆಗೆದುಕೊಂಡೆ. ಅವತ್ತು ನಿಮ್ಮ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತಿದ್ದರು ಅಂತ ಇಟ್ಟುಕೊಳ್ಳೋಣ. ಅವರ ಕಣ್ಣಿಗೆ, ಕಿವಿಗೆ ಬಿದ್ದಿರಬಹುದಾದದ್ದಕ್ಕೆ ಮಾತ್ರ ಗೆರೆ ಎಳೆಯುತ್ತ ಹೋದೆ. ಹೃದಯ ಸಾವಿರ ಚೂರಾದದ್ದು ಅವರಿಗೆ ಕಂಡಿರುವುದಿಲ್ಲ. ಮಹಾಸಾಗರ, ಸ್ಮಶಾನ, ದೇವಾಲಯ ಇವು ಯಾವುವೂ ಕಂಡಿಲ್ಲ. ಹನ್ನೊಂದು ವಾಕ್ಯಗಳಲ್ಲಿ ಗೆರೆ ಬಿದ್ದದ್ದು ಇಷ್ಟಕ್ಕೇ: ಮಗ್ಗ ಮಾರಿದರು, ಯಾರೋ ಬಂದು ಬಿಚ್ಚಿದರು, ಅಪ್ಪ ನಿಂತಿದ್ದರು, ಚಹಾ ಮಾಡು ಎಂದರು, ನೀವು ಅತ್ತಿರಿ, ಈಗ ಲಾಳಿಯ ಸದ್ದಿಲ್ಲ.

ಎಲ್ಲರೂ ಹೆದರುವುದು ಇಲ್ಲೇ. ಪುಟವೇ ಖಾಲಿಯಾಯಿತಲ್ಲ ಅನ್ನಿಸುತ್ತದೆ. ನಾನೂ ಮೊದಲು ಉಳಿದದ್ದನ್ನಷ್ಟೇ ಸೇರಿಸಿ ಬರೆದು ನೋಡಿದೆ: "ಯಾರೋ ಬಂದರು. ಮಗ್ಗ ಬಿಚ್ಚಿದರು. ಚಹಾ ಕುಡಿದರು. ಹೋದರು." ಇದು ಪೊಲೀಸರ ಪಂಚನಾಮೆ. ಯಾರ ಮನೆಯದಾದರೂ ಆಗಬಹುದು, ಮಗ್ಗದ ಬದಲು ಕಪಾಟು ಅಂದರೂ ನಡೆಯುತ್ತದೆ. ಶಬ್ದ ಕಡಿಮೆ ಮಾಡಿದರೆ ಭಾವನೆ ಹೋಗುತ್ತದೆ ಎಂಬ ನಿಮ್ಮ ಅಂಜಿಕೆ ಇಂಥ ಕಡೆ ನಿಜ. ಆದರೆ ಹೋಗುವುದು ಕತ್ತರಿಸಿದ್ದಕ್ಕಲ್ಲ, ಕತ್ತರಿಸಿದ ಜಾಗದಲ್ಲಿ ಏನನ್ನೂ ತಂದು ಇಡದ್ದಕ್ಕೆ. ಅವತ್ತು ನೋಡಿ ಬರೆಯಲು ಆಗದ ಕಡೆಯಲ್ಲೆಲ್ಲ ನೀವು ಒಂದು ದೊಡ್ಡ ಶಬ್ದ ಇಟ್ಟು ಮುಂದೆ ಹೋಗಿದ್ದೀರಿ. ಹಾಗಾಗಿ ಆ ಶಬ್ದಗಳು ಒಂದು ರೀತಿ ಗುರುತು. ಇಲ್ಲಿ ಅಗೆಯಿರಿ ಅಂತ ಹೇಳುತ್ತವೆ.

ಅದಕ್ಕೇ ನಿಮಗೆ ಫೋನ್ ಮಾಡಿದ್ದು. ಏನನ್ನಿಸಿತು ಅಂತ ನಾನು ಒಮ್ಮೆಯೂ ಕೇಳಲಿಲ್ಲ, ನೆನಪಿದೆಯಲ್ಲ? ಎಷ್ಟು ಗಂಟೆಗೆ ಬಂದರು, ಮೊದಲು ಯಾವುದಕ್ಕೆ ಕೈ ಹಾಕಿದರು, ಅಪ್ಪನ ಕೈ ಎಲ್ಲಿತ್ತು, ಮಗ್ಗ ಇದ್ದ ಜಾಗದಲ್ಲಿ ಈಗ ಏನಿದೆ, ಇಷ್ಟೇ ಕೇಳಿದೆ. ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆಯ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಹತ್ತೂಕಾಲಿಗೆ ಒಂದು ಟೆಂಪೋದಲ್ಲಿ ಮೂವರು ಬಂದರು. ಹಳೇ ಕಟ್ಟಿಗೆ ವ್ಯಾಪಾರದವರ ಆಳುಗಳು. ಒಬ್ಬ ಚೌಕಟ್ಟಿಗೆ ಸುತ್ತಿಗೆ ಎತ್ತಿದ. ಬಾಗಿಲಲ್ಲಿದ್ದ ಅಪ್ಪ ಒಳಗೆ ಬಂದು, "ಬಡೀಬ್ಯಾಡ್ರಿ, ಅದು ಬೆಣಿ. ಎಳದ್ರ ಬರ್ತೈತಿ" ಅಂತ ತಾನೇ ಎಳೆದು ಕೊಟ್ಟ. ಆಮೇಲೆ ಉಳಿದ ಬೆಣೆಗಳನ್ನೂ ಅವನೇ ತೆಗೆದ.

ನಾನು ಫೋನಿನ ಈ ಕಡೆ ಸುಮ್ಮನಾದೆ. ನಿಮ್ಮ ಡೈರಿಯಲ್ಲಿ ಇದು ಇರಲೇ ಇಲ್ಲ! ಅಲ್ಲಿ ಅಪ್ಪ "ಕಲ್ಲಾಗಿ" ನಿಂತಿದ್ದಾರೆ. ನಿಜದಲ್ಲಿ ಅವರು ಸುಮ್ಮನೆ ನಿಂತಿರಲಿಲ್ಲ, ತಮ್ಮ ಮಗ್ಗವನ್ನು ತಾವೇ ಬಿಚ್ಚುತ್ತಿದ್ದರು. ಸಿದ್ಧವಾಗಿ ಸಿಗುವ ಹೋಲಿಕೆಯ ದೋಷ ಇದೇ. ಅದು ಬರೀ ಹಳಸಲಲ್ಲ, ಎಷ್ಟೋ ಸಲ ಸುಳ್ಳೂ ಆಗಿರುತ್ತದೆ.

"ಕಟುಕರು" ಎಂಬುದನ್ನೂ ನೋಡಿ. ಬಂದವರು ದಿನದ ಕೂಲಿಗೆ ಬಂದವರು. ಅವರಿಗೆ ಅನ್ಯಾಯವಾಯಿತು ಎಂಬುದು ಒಂದು. ಇನ್ನೊಂದು, ಆ ಶಬ್ದ ನಿಮ್ಮ ಎಂಟನೇ ವಾಕ್ಯವನ್ನು ಕೆಡಿಸುತ್ತದೆ. ಕಟುಕರಿಗೆ ಯಾರು ಚಹಾ ಕೊಡುತ್ತಾರೆ? ಬಂದವರು ಸುಮ್ನೆ ಬಂದ ಮೂವರಾದರೆ, ಮನೆಗೆ ಬಂದವರಿಗೆ ಚಹಾ ಮಾಡು ಅಂದ ಅಪ್ಪ ಅಪ್ಪನಾಗಿಯೇ ಕಾಣುತ್ತಾನೆ. ಓದುವವರ ಗಂಟಲು ಹಿಡಿಯುವುದು ಅಲ್ಲಿ.

ಇನ್ನು ಕ್ರಿಯಾಪದಗಳ ವಿಷಯ. ಅತಿರೇಕ ಬರೀ ವಿಶೇಷಣಗಳಲ್ಲಿ ಇರುತ್ತದೆ ಅಂದುಕೊಳ್ಳುತ್ತೇವೆ. ಕನ್ನಡದಲ್ಲಿ ಅದು ಜಾಸ್ತಿ ಅಡಗಿ ಕೂಡುವುದು ವಾಕ್ಯದ ಕೊನೆಗೆ. "ಕಡಿದರು" ಒಂದು. "ಕಡಿದು ಹಾಕಿದರು" ಅಂದರೆ ಸ್ವಲ್ಪ ಸಿಟ್ಟು ಬಂತು. "ಕಡಿದು ಹಾಕಿಬಿಟ್ಟರು" ಅಂದರೆ ಎದೆ ಬಡಿದುಕೊಂಡ ಹಾಗೆ. "ಕರುಣೆಯೇ", "ರಕ್ತವನ್ನೇ", "ಕಣ್ಣೆದುರೇ", ಈ ಏಕಾರಗಳೂ ಅದೇ ಕೆಲಸ ಮಾಡುತ್ತವೆ. ಒಂದು ಪುಟದಲ್ಲಿ ಒಂದು ಏಕಾರ ಇದ್ದರೆ ಓದುವವರು ಅಲ್ಲಿ ನಿಲ್ಲುತ್ತಾರೆ, ಐದಿದ್ದರೆ ಯಾವುದಕ್ಕೂ ನಿಲ್ಲುವುದಿಲ್ಲ. ನಾನು ಎಲ್ಲವನ್ನೂ ತೆಗೆದು, ಕೊನೆಗೆ ಒಂದನ್ನು ಉಳಿಸಿಕೊಂಡೆ. ಎಲ್ಲಿ ಅಂತ ಈಗ ಹೇಳುತ್ತೇನೆ.

"ಮಗ್ಗ ಮಾರಾಟವಾಗಿ ಹೋಯಿತು" ಎಂಬ ವಾಕ್ಯ ನನ್ನನ್ನು ತಡೆಯಿತು. ಉಳಿದದ್ದರ ನಡುವೆ ಇದು ಸಾದಾ ಇದೆ, ತಿದ್ದಲು ಏನೂ ಇಲ್ಲ ಅನ್ನಿಸುತ್ತದೆ. ಆದರೆ ಅದರಲ್ಲಿ ಮಾರಿದವರೇ ಇಲ್ಲ. ಮಗ್ಗ ತಾನಾಗಿ ಮಾರಾಟವಾಯಿತು, ತಾನಾಗಿ ಹೋಯಿತು. ಯಾರು ಮಾರಿದರು ಅಂತ ಕೇಳಿದೆ. ನೀವು ಸ್ವಲ್ಪ ಹೊತ್ತು ಬಿಟ್ಟು, "ಮಾರೂಣು ಅಂದಾಕಿ ನಾನಽ ರೀ ಸರ್" ಅಂದಿರಿ.

ನೋಡಿ, ಆಗ ಪುಟವೆಲ್ಲ ತಿರುಗಿ ಬಿತ್ತು. ವಿಧಿಯನ್ನು ಯಾಕೆ ಕೂಗಿ ಕರೆದಿರಿ ಎಂಬುದು ತಿಳಿಯಿತು. ತಪ್ಪು ಮಾಡಿದಿರಿ ಅಂತ ನಾನು ಹೇಳುತ್ತಿಲ್ಲ. ಅಪ್ಪನ ಮೊಣಕಾಲು ನೋವು, ವರ್ಷವಿಡೀ ನೇಯ್ದರೂ ಮುಗ್ಗರಿಸುವ ಲೆಕ್ಕ, ಎಲ್ಲ ನೀವೇ ಹೇಳಿದಿರಿ. ಆದರೆ ಅಷ್ಟು ಗದ್ದಲದ ಹಿಂದೆ ಇದ್ದದ್ದು ಈ ಸಣ್ಣ ಮಾತು. ಹಾಗಾಗಿ ಅದು ಮೊದಲ ವಾಕ್ಯವಾಗಲಿ, ನಾನು ಉಳಿಸಿದ ಒಂದು ಏಕಾರ ಅಲ್ಲಿರಲಿ.

ಬರೆದು ನೋಡಿದ್ದು ಹೀಗಿದೆ:

> ಮಗ್ಗ ಮಾರೋಣ ಅಂದವಳು ನಾನೇ. ಕಟ್ಟಿಗೆಯ ಲೆಕ್ಕದಲ್ಲಿ 2,400 ರೂಪಾಯಿಗೆ ಮಾತಾಯಿತು. ಹತ್ತೂಕಾಲಿಗೆ ಮೂವರು ಟೆಂಪೋ ತಂದರು. ಒಬ್ಬ ಸುತ್ತಿಗೆ ಎತ್ತಿದ. ಬಾಗಿಲಲ್ಲಿ ನಿಂತಿದ್ದ ಅಪ್ಪ ಒಳಗೆ ಬಂದ. "ಬಡೀಬ್ಯಾಡ್ರಿ, ಅದು ಬೆಣಿ. ಎಳದ್ರ ಬರ್ತೈತಿ" ಅಂದು ಎಳೆದು ಕೊಟ್ಟ. ಉಳಿದ ಬೆಣೆಗಳನ್ನೂ ಅವನು ತೆಗೆದ. 38 ವರ್ಷದ ಮಗ್ಗ ಬಿಚ್ಚಲು ಅರ್ಧ ತಾಸು ಸಾಕಾಯಿತು. "ಅವರಿಗೆ ಚಾ ಮಾಡವಾ" ಅಂದ. ಒಲೆಯ ಮುಂದೆ ಅತ್ತೆ. ಚಹಾ ಕುಡಿದು ಅವರು ಹೋದರು.
>
> ಅಪ್ಪ ಕಾಲು ಇಳಿಬಿಟ್ಟು ಕೂಡುತ್ತಿದ್ದ ಕುಣಿಯ ಮೇಲೆ ಅವ್ವ ಹಲಗೆ ಹಾಸಿದ್ದಾಳೆ. ಗಟ್ಟಿ ಹಲಗೆ. ನಾವು ಇನ್ನೂ ಅದನ್ನು ತುಳಿಯದೆ ಸುತ್ತಿ ಓಡಾಡುತ್ತೇವೆ.

ಕೆಲವು ಕಡೆ ನಿಮಗೆ ತಕರಾರು ಇರಬಹುದು. ಅಪ್ಪ "ಅಂದ", "ಬಂದ" ಅಂತ ಏಕವಚನ ಬಳಸಿದ್ದೇನೆ. ಡೈರಿಯಲ್ಲಿ "ಎಂದರು" ಅಂತಿತ್ತು. ಆದರೆ ಫೋನಿನಲ್ಲಿ ನೀವು ಒಮ್ಮೆಯೂ ಹಾಗನ್ನಲಿಲ್ಲ, ನಮ್ಮ ಕಡೆ ಮನೆಯೊಳಗೆ ಯಾರು ತಾನೇ ಅನ್ನುತ್ತಾರೆ? "ಅಪ್ಪ ಬಂದ" ಅನ್ನುವುದರಲ್ಲಿ ಇರುವ ಹತ್ತಿರ "ತಂದೆಯವರು ಬಂದರು" ಅನ್ನುವುದರಲ್ಲಿ ಇಲ್ಲ. ಅಪ್ಪನ ಮಾತನ್ನು ಬೆಟಗೇರಿಯ ಮಾತಿನಲ್ಲೇ ಬಿಟ್ಟಿದ್ದೇನೆ. "ಬಡಿಯಬೇಡಿ, ಅದು ಬೆಣೆ" ಅಂದುಬಿಟ್ಟರೆ ಅದು ಯಾರೋ ಮಾಸ್ತರರ ಮಾತಾಗುತ್ತದೆ.

ಅಳುವನ್ನು ನಾನು ತೆಗೆದಿಲ್ಲ. ತಗ್ಗಿದ ದನಿ ಅಂದರೆ ಅತ್ತಿಲ್ಲ ಅಂತ ನಟಿಸುವುದಲ್ಲ. ಎರಡು ಸಲ "ಬಿಕ್ಕಿ" ತೆಗೆದೆ, ಕೋಡಿ ತೆಗೆದೆ, ಒಲೆ ತಂದೆ. ಅತ್ತ ಜಾಗ ಹೇಳಿದರೆ ಎಷ್ಟು ಅತ್ತಿರಿ ಅಂತ ಹೇಳಬೇಕಾಗಿಲ್ಲ. ಒಲೆಯ ಮುಂದೆ ಅಂದರೆ ಬೇರೆಯವರಿಗೆ ಕಾಣದ ಹಾಗೆ ಅಂತಲೂ ಅರ್ಥವಾಗುತ್ತದೆ, ಅಲ್ವಾ?

ಕುಣಿಮಗ್ಗ ನೋಡದವರಿಗೆ ಕುಣಿ ಅಂದರೆ ಗೊತ್ತಾಗುತ್ತದೆಯೇ ಎಂಬ ಸಂಶಯ ನನಗೂ ಬಂತು. ನೇಯುವವರು ನೆಲಮಟ್ಟಕ್ಕೆ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ ಅಂತ ವಿವರಿಸಲು ಹೋದರೆ ಅಲ್ಲಿ ಪಾಠ ಶುರುವಾಗುತ್ತದೆ. "ಕಾಲು ಇಳಿಬಿಟ್ಟು ಕೂಡುತ್ತಿದ್ದ" ಅಷ್ಟು ಸಾಕು. ಕುಣಿ ಎಂಬ ಶಬ್ದಕ್ಕೆ ನಮ್ಮ ಕಡೆ ಇನ್ನೊಂದು ಅರ್ಥವೂ ಇದೆ, ಹೆಣ ಹುಗಿಯುವುದಕ್ಕೂ ಕುಣಿಯನ್ನೇ ತೋಡುತ್ತಾರೆ. ಅದನ್ನು ನೀವು ಬಾಯಿಬಿಟ್ಟು ಹೇಳಬೇಡಿ. ನಿಮ್ಮ "ಸ್ಮಶಾನ" ಎಲ್ಲಿ ಹೋಯಿತು ಅಂತ ಕೇಳಿದರೆ, ಅದರೊಳಗೇ ಇದೆ.

ಒಂದು ಲಾಳಿಯನ್ನು ಎತ್ತಿಟ್ಟುಕೊಂಡಿದ್ದೀರಿ, ಅದನ್ನು ಕೊನೆಗೆ ಹಾಕಬಹುದೇ ಅಂತ ಫೋನಿನಲ್ಲಿ ಕೇಳಿದ್ದಿರಿ. ಬೇಡ. ಲಾಳಿ ನಿಜವೇ ಇರಬಹುದು, ಆದರೆ ಮಗ್ಗದ ಬಗ್ಗೆ ಬರೆಯುವ ಯಾರಿಗಾದರೂ ಕೂತಲ್ಲೇ ಹೊಳೆಯುವ ಮುಕ್ತಾಯ ಅದು. ಹಲಗೆ ಗಟ್ಟಿ ಇದ್ದರೂ ತುಳಿಯದೆ ಸುತ್ತಿ ಓಡಾಡುವುದು ನಿಮ್ಮ ಮನೆಯವರಿಗೆ ಮಾತ್ರ ಗೊತ್ತಿರುವ ವಿಷಯ. ಅದರ ಮುಂದೆ ಇನ್ನೊಂದು ವಾಕ್ಯ ಬರೆಯಲು ಕೈ ತುರಿಸುತ್ತದೆ, "ಮನೆ ಖಾಲಿ ಖಾಲಿ" ಅಂತಲೋ ಏನೋ. ಬರೆದು, ಮರುದಿನ ಹೊಡೆದು ಹಾಕಿ.

ಇದು ನಾನು ಹೊಂದಿಸಿದ್ದು, ನೀವಲ್ಲ. ಹಾಗಾಗಿ ಇದನ್ನೇ ನಕಲು ಮಾಡಿ ಕಳಿಸಬೇಡಿ. ಅದೇ ಪ್ರಶ್ನೆಗಳನ್ನು ಇನ್ನೊಮ್ಮೆ ನೀವೇ ಕೇಳಿಕೊಂಡು ಬರೆಯಿರಿ, ಆ ಗೆಳತಿಗೇ ಓದಿ ಹೇಳಿ. ಚೆನ್ನಾಗಿದೆ ಅಂತ ಹೊಗಳಿದರೆ ನಂಬಬೇಡಿ. "ಈಗ ನಿಮ್ಮಪ್ಪ ಏನ ಮಾಡ್ತಾನ?" ಅಂತ ಕೇಳಿದರೆ ನನಗೆ ಕಳಿಸಿ.

ಕಳಿಸುವ ಮುಂಚೆ ಅಪ್ಪನಿಗೂ ಓದಿ ಹೇಳಿ. 2,400 ಅಂತ ಅಚ್ಚಾಗುವುದು ಅವರಿಗೆ ಒಪ್ಪಿಗೆಯೋ ಇಲ್ಲವೋ ಕೇಳಿ. ಬೇಡ ಅಂದರೆ "ಕಟ್ಟಿಗೆಯ ಲೆಕ್ಕದಲ್ಲಿ ಮಾತಾಯಿತು" ಅಂತ ಇಟ್ಟುಕೊಳ್ಳೋಣ.

— ಸಂಪಾದಕ, ಹುಬ್ಬಳ್ಳಿ